ಎರಡು ಕಡೆ ಬಸ್ಸು ಬದಲಿಸಿ ಪರೀಕ್ಷಾ ಕೇಂದ್ರ ಮುಟ್ಟುವುದು: ಒಂದು ಭಾನುವಾರದ ಲೆಕ್ಕ

ಪರೀಕ್ಷೆ ಭಾನುವಾರ ಬೆಳಿಗ್ಗೆ 9.30ಕ್ಕೆ. ಹಾಲ್ ಟಿಕೆಟ್‌ನಲ್ಲಿ ಮೂರು ಸಮಯಗಳಿವೆ. ವರದಿ ಮಾಡಿಕೊಳ್ಳಬೇಕಾದದ್ದು 8.00ರಿಂದ, ಗೇಟು ಮುಚ್ಚುವುದು 9.00ಕ್ಕೆ, ಪ್ರಶ್ನೆಪತ್ರಿಕೆ ಕೊಡುವುದು 9.30ಕ್ಕೆ. ಕೇಂದ್ರ ಊರಿನ ಇನ್ನೊಂದು ತುದಿಯಲ್ಲಿದೆ. ಮನೆಯಿಂದ ನೇರ ಬಸ್ಸಿಲ್ಲ, ಎರಡು ಕಡೆ ಇಳಿದು ಹತ್ತಬೇಕು. ಪರೀಕ್ಷೆ ಬರೆಯುವ ಹುಡುಗಿ ಬುಧವಾರ ಸಂಜೆ ಫೋನಿನ ನಕ್ಷೆಯಲ್ಲಿ ದಾರಿ ಹುಡುಕಿದಾಗ 1 ಗಂಟೆ 53 ನಿಮಿಷ ಎಂದು ಬಂತು. 6.50ರ ಬಸ್ಸು ಹಿಡಿದರೆ 8.43ಕ್ಕೆ ಕೇಂದ್ರ, ಗೇಟು ಮುಚ್ಚಲು ಇನ್ನೂ 17 ನಿಮಿಷ ಉಳಿಯುತ್ತದೆ ಎಂದು ಆಕೆ ಲೆಕ್ಕ ಹಾಕಿಕೊಂಡಳು.

ನೋಡಲು ತಪ್ಪಿಲ್ಲದ ಲೆಕ್ಕ. ಆದರೆ ಅದೇ ಲೆಕ್ಕವನ್ನು ಭಾನುವಾರದ ವೇಳಾಪಟ್ಟಿ ಮುಂದಿಟ್ಟುಕೊಂಡು ಹಾಕಿದರೆ, ಎಲ್ಲವೂ ಸರಿಯಾಗಿ ನಡೆದರೂ ಗೇಟು ತಲುಪುವುದು 8.56ಕ್ಕೆ. ಕೊನೆಯ ಬಸ್ಸೊಂದೇ ಆರೇಳು ನಿಮಿಷ ತಡವಾದರೂ ಗೇಟು ಮುಚ್ಚಿರುತ್ತದೆ. ಎಲ್ಲಿ ಜಾರಿತು ಎಂಬುದನ್ನು ಮೊದಲು ನೋಡೋಣ, ಆಮೇಲೆ ಸರಿಯಾದ ಲೆಕ್ಕಕ್ಕೆ ಬರೋಣ. ಊರಿನ ಹೆಸರೂ ಬಸ್ಸಿನ ನಂಬರೂ ಇಲ್ಲಿ ಬೇಕಿಲ್ಲ. ಲೆಕ್ಕದ ಕ್ರಮ ಎಲ್ಲ ಕಡೆಯೂ ಒಂದೇ.

ದಾರಿಯ ವಿವರ

ಮೊದಲ ಬಸ್ಸು ಮನೆ ಹತ್ತಿರದ ನಿಲ್ದಾಣದಿಂದ ಒಂದು ದೊಡ್ಡ ವೃತ್ತದವರೆಗೆ. ಭಾನುವಾರ ಮೊದಲ ಟ್ರಿಪ್ 5.50ಕ್ಕೆ, ಆಮೇಲೆ 20 ನಿಮಿಷಕ್ಕೊಂದು. ಪ್ರಯಾಣ 25 ನಿಮಿಷ. ವೃತ್ತದಲ್ಲಿ ಇಳಿದು ರಸ್ತೆ ದಾಟಿ ಎರಡನೇ ಬಸ್ಸಿನ ತಂಗುದಾಣಕ್ಕೆ ನಡೆಯಲು 4 ನಿಮಿಷ.

ಎರಡನೇ ಬಸ್ಸು ಊರಿನ ಮುಖ್ಯರಸ್ತೆಯದು. ವಾರದ ದಿನ 10 ನಿಮಿಷಕ್ಕೊಂದು, ಭಾನುವಾರ 15 ನಿಮಿಷಕ್ಕೊಂದು: 6.00, 6.15, 6.30 ಹೀಗೆ. ದೊಡ್ಡ ಬಸ್ ನಿಲ್ದಾಣ ತಲುಪಲು ಸಾಮಾನ್ಯವಾಗಿ 40 ನಿಮಿಷ, ಕೆಟ್ಟ ದಿನ 50. ಅಲ್ಲಿ ಮೂರನೇ ಬಸ್ಸು ನಿಲ್ಲುವ ಪ್ಲಾಟ್‌ಫಾರ್ಮ್‌ಗೆ 3 ನಿಮಿಷದ ನಡಿಗೆ.

ಮೂರನೇ ಬಸ್ಸು ಹೊರವಲಯದ್ದು. ವಾರದ ದಿನ 20 ನಿಮಿಷಕ್ಕೊಂದು, ಭಾನುವಾರ 40 ನಿಮಿಷಕ್ಕೊಂದು: 7.00, 7.40, 8.20, 9.00. ಪ್ರಯಾಣ 22 ನಿಮಿಷ, ಹೆಚ್ಚೆಂದರೆ 28. ಇಳಿದ ಮೇಲೆ ಗೇಟಿಗೆ 14 ನಿಮಿಷ ನಡಿಗೆ.

ಬುಧವಾರದ ಲೆಕ್ಕ ಎಲ್ಲಿ ಜಾರಿತು

ಮೊದಲನೆಯದು ದಿನ. ನಕ್ಷೆಯಲ್ಲಿ ಏನನ್ನೂ ಬದಲಿಸದೆ ದಾರಿ ಕೇಳಿದರೆ ಅದು ಆ ಕ್ಷಣ ಹೊರಡುವವರಿಗೆ ಉತ್ತರ ಕೊಡುತ್ತದೆ. ಬುಧವಾರ ಸಂಜೆ ಕೇಳಿದ್ದರಿಂದ ಬುಧವಾರ ಸಂಜೆಯ ಬಸ್ಸುಗಳೇ ಬಂದವು. ಪರೀಕ್ಷೆಯ ದಿನಾಂಕ ಹಾಕಿ, ‘ಇಷ್ಟು ಹೊತ್ತಿಗೆ ತಲುಪಬೇಕು’ ಎಂಬ ಆಯ್ಕೆ ಒತ್ತಿ ಕೇಳಬೇಕಿತ್ತು. ಹಾಗೆ ಕೇಳಿದರೂ ಸಾರಿಗೆ ಸಂಸ್ಥೆಯ ಭಾನುವಾರದ ಪಟ್ಟಿ ಆ ನಕ್ಷೆಗೆ ಸೇರಿರದಿದ್ದರೆ ಉತ್ತರ ವಾರದ ದಿನದ್ದೇ ಆಗಿರುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಅದೇ ದಾರಿಯನ್ನು ಮಂಗಳವಾರಕ್ಕೊಮ್ಮೆ, ಭಾನುವಾರಕ್ಕೊಮ್ಮೆ ಕೇಳಿ ನೋಡಿ. ಎರಡೂ ದಿನ ನಿಮಿಷವೂ ವ್ಯತ್ಯಾಸವಿಲ್ಲದೆ ಒಂದೇ ಸಮಯಗಳು ಬಂದರೆ ಅನುಮಾನ ಪಡಿ, ಬಸ್ ನಿಲ್ದಾಣದ ಕಂಟ್ರೋಲರ್ ಕೊಠಡಿಯಲ್ಲಿ ವಿಚಾರಿಸಿ.

ಎರಡನೆಯದು ನಕ್ಷೆಯಲ್ಲಿನ ಗುರುತು. ಕಾಲೇಜಿನ ಹೆಸರು ಹಾಕಿದರೆ ಗುರುತು ಬೀಳುವುದು ಆವರಣದ ಯಾವುದೋ ಮೂಲೆಗೆ. ಇಲ್ಲಿ ಅದು ಹಿಂಬದಿಯ ಕಟ್ಟಡದ ಮೇಲೆ ಬಿದ್ದಿತ್ತು. ಬಸ್ ನಿಲ್ದಾಣದಿಂದ ಅಲ್ಲಿಗೆ 6 ನಿಮಿಷ ಎಂದು ತೋರಿಸಿತು. ಹಿಂದಿನ ಗೇಟು ಪರೀಕ್ಷೆಯ ದಿನ ತೆರೆಯುವುದಿಲ್ಲ. ಕಾಂಪೌಂಡ್ ಸುತ್ತಿ ಮುಂದಿನ ಗೇಟಿಗೆ ಹೋಗಲು 14 ನಿಮಿಷ ಬೇಕು. ಇಲ್ಲೇ 8 ನಿಮಿಷ ಹೋಯಿತು. ಇದಕ್ಕಿಂತ ದುಬಾರಿಯಾದ ತಪ್ಪೊಂದಿದೆ: ಒಂದೇ ಹೆಸರಿನ ಸಂಸ್ಥೆಗೆ ಎರಡು ಆವರಣಗಳಿರುವುದು. ಬಸ್ಸಿನವರ ಬಾಯಲ್ಲಿ ಆ ಹೆಸರಿಗೆ ಅಂಟಿಕೊಂಡಿರುವುದು ಸಾಮಾನ್ಯವಾಗಿ ಹಳೆಯ ಆವರಣ, ಪರೀಕ್ಷೆ ಇರುವುದು ಹೊಸದರಲ್ಲಿ. ಹಾಗಾಗಿ ಹಾಲ್ ಟಿಕೆಟ್‌ನಲ್ಲಿ ಹೆಸರಿಗಿಂತ ಮೊದಲು ಪಿನ್ ಕೋಡ್ ಮತ್ತು ರಸ್ತೆಯ ಹೆಸರನ್ನು ಓದಿ ಹೊಂದಿಸಬೇಕು.

ಮೂರನೆಯದೇ ನಿಜವಾದ ಮೂಲ. ನಕ್ಷೆ ಕೊಡುವ 1 ಗಂಟೆ 53 ನಿಮಿಷ ಎಂಬುದು ಮೂರು ಬಸ್ಸೂ ವೇಳೆಗೆ ಸರಿಯಾಗಿ ಬಂದಾಗಿನ ಕೂಡುಲೆಕ್ಕ. ನೇರ ಬಸ್ಸಿನಲ್ಲಿ 6 ನಿಮಿಷ ತಡವಾದರೆ ತಲುಪುವುದೂ 6 ನಿಮಿಷ ತಡ, ಅಷ್ಟೇ. ಬದಲಿಸುವ ದಾರಿಯಲ್ಲಿ ಹಾಗಲ್ಲ. ಆಕೆಯ ಮೊದಲ ಯೋಜನೆಯನ್ನು ಭಾನುವಾರಕ್ಕೆ ಹಚ್ಚಿ ನೋಡಿ. 6.50ರ ಬಸ್ಸು 7.15ಕ್ಕೆ ವೃತ್ತಕ್ಕೆ, 7.19ಕ್ಕೆ ಎರಡನೇ ತಂಗುದಾಣಕ್ಕೆ. 7.30ರ ಬಸ್ಸು ಹತ್ತಿ 8.10ಕ್ಕೆ ದೊಡ್ಡ ನಿಲ್ದಾಣ, 8.13ಕ್ಕೆ ಪ್ಲಾಟ್‌ಫಾರ್ಮ್. 8.20ರ ಬಸ್ಸು, 8.42ಕ್ಕೆ ಇಳಿಯುವುದು, 8.56ಕ್ಕೆ ಗೇಟು. ಈಗ 7.30ರ ಬಸ್ಸು 7.36ಕ್ಕೆ ಬಂದು, ದಾರಿಯಲ್ಲಿ ಇನ್ನೊಂದೆರಡು ನಿಮಿಷ ಎಳೆಯಿತು ಎನ್ನಿ. ಪ್ಲಾಟ್‌ಫಾರ್ಮ್ ತಲುಪುವುದು 8.21ಕ್ಕೆ. 8.20ರದ್ದು ಹೋಗಿರುತ್ತದೆ, ಮುಂದಿನದು 9.00ಕ್ಕೆ. ಎಂಟು ನಿಮಿಷದ ತಡ ನಲವತ್ತು ನಿಮಿಷದ ತಡವಾಯಿತು. ಅಪರೂಪಕ್ಕೆ ಬರುವ ಬಸ್ಸಿನ ಮುಂದೆ ಸಣ್ಣ ತಡವೂ ಒಂದಿಡೀ ಟ್ರಿಪ್ ಅನ್ನು ನುಂಗಿಹಾಕುತ್ತದೆ.

ಆದ್ದರಿಂದ ‘ಒಟ್ಟಾರೆ ಅರ್ಧ ಗಂಟೆ ಮುಂಚೆ ಹೊರಡು’ ಎನ್ನುವ ಮನೆಯವರ ಸಲಹೆ ಇಲ್ಲಿ ಅರೆಬರೆ ಕೆಲಸ ಮಾಡುತ್ತದೆ. ಅರ್ಧ ಗಂಟೆ ಮುಂಚೆ ಹೊರಟು, ಹತ್ತಬೇಕಾದ ಮೂರನೇ ಬಸ್ಸು ಅದೇ 8.20ರದ್ದೇ ಆಗಿಬಿಟ್ಟರೆ ಆ ಅರ್ಧ ಗಂಟೆ ನಿಲ್ದಾಣದ ಬೆಂಚಿನ ಮೇಲೆ ಕಳೆಯುತ್ತದೆಯೇ ಹೊರತು ಗೇಟಿನ ಹತ್ತಿರ ಉಳಿಯುವುದಿಲ್ಲ.

ಹಿಂದಿನಿಂದ ಲೆಕ್ಕ

ಸರಿಯಾದ ಕ್ರಮ ಗೇಟಿನಿಂದ ಮನೆಯ ಕಡೆಗೆ ಬರುವುದು. ಮೊದಲು ಮೂರು ಬಸ್ಸುಗಳಲ್ಲಿ ಅತಿ ಅಪರೂಪದ್ದು ಯಾವುದು ಎಂದು ನೋಡಬೇಕು. ಇಲ್ಲಿ ಅದು ಮೂರನೆಯದು. ಇಡೀ ಬೆಳಗಿನ ಯೋಜನೆಗೆ ಗೂಟ ಅದೇ.

ಗೇಟು 9.00ಕ್ಕೆ ಮುಚ್ಚುತ್ತದೆ. 8.20ರ ಬಸ್ಸು ಕೆಟ್ಟ ದಿನ 28 ನಿಮಿಷ ತೆಗೆದುಕೊಂಡರೆ 8.48, ನಡೆದು 9.02. ಅಂದರೆ ಪಟ್ಟಿಯಲ್ಲಿ ಅದು ‘ಸಿಗುವ’ ಬಸ್ಸಾದರೂ ನಮ್ಮ ಪಾಲಿಗೆ ಇಲ್ಲದ ಬಸ್ಸು. ಅದನ್ನು ಹೊಡೆದುಹಾಕಿ. ಉಳಿದದ್ದು 7.40ರದ್ದು. ಅದು 8.02ಕ್ಕೆ, ಕೆಟ್ಟರೆ 8.08ಕ್ಕೆ ಇಳಿಸುತ್ತದೆ. ಗೇಟು 8.16 ಅಥವಾ 8.22ಕ್ಕೆ. 7.40ರ ಬಸ್ಸೇ ಗುರಿ.

ಈಗ ಪ್ಲಾಟ್‌ಫಾರ್ಮ್‌ಗೆ ಎಷ್ಟು ಹೊತ್ತಿಗೆ ಬರಬೇಕು? 7.38ಕ್ಕೆ ಬಂದರೂ ಬಸ್ಸು ಸಿಗುತ್ತದೆ, ಆದರೆ ಯೋಜನೆಯನ್ನು ಅಲ್ಲಿಗೆ ನಿಲ್ಲಿಸಬಾರದು. ಎರಡನೇ ಬಸ್ಸಿನ ಒಂದು ಟ್ರಿಪ್ ಪೂರ್ತಿ ಬಾರದೇ ಹೋದರೂ 7.40 ಸಿಗುವಂತಿರಬೇಕು. 6.45ರ ಬಸ್ಸು ಹತ್ತಿದರೆ 7.25ಕ್ಕೆ ನಿಲ್ದಾಣ, 7.28ಕ್ಕೆ ಪ್ಲಾಟ್‌ಫಾರ್ಮ್. ಅದೇ ಬಸ್ಸು 50 ನಿಮಿಷ ಎಳೆದರೆ 7.38. ಕೂದಲೆಳೆಯಷ್ಟು ಅಂತರ, ಆದರೂ ಸಿಗುತ್ತದೆ. 7.00ರ ಬಸ್ಸಾದರೆ ಸಾಮಾನ್ಯ ದಿನವೂ 7.43, ತಪ್ಪುತ್ತದೆ. ಹಾಗಾದರೆ 6.45ರದ್ದು ಕೊನೆಯ ಆಸರೆ, ಗುರಿ ಇಡಬೇಕಾದದ್ದು ಅದರ ಹಿಂದಿನ 6.30ರ ಬಸ್ಸಿಗೆ.

6.30ಕ್ಕೆ ವೃತ್ತದ ತಂಗುದಾಣದಲ್ಲಿ ಇರಬೇಕಾದರೆ ಮನೆ ಹತ್ತಿರ 5.50ರ ಬಸ್ಸು. ಅದು 6.15ಕ್ಕೆ ವೃತ್ತಕ್ಕೆ, 6.19ಕ್ಕೆ ತಂಗುದಾಣಕ್ಕೆ ಮುಟ್ಟಿಸುತ್ತದೆ. 5.50 ಬಾರದಿದ್ದರೆ 6.10ರದ್ದು 6.39ಕ್ಕೆ ಮುಟ್ಟಿಸುತ್ತದೆ, 6.45ರದ್ದು ಆಗಲೂ ಸಿಗುತ್ತದೆ. ಮೊದಲೆರಡು ಬಸ್ಸುಗಳಲ್ಲಿ ಯಾವುದಾದರೂ ಒಂದರ ಒಂದು ಟ್ರಿಪ್ ಕೈಕೊಟ್ಟರೂ 7.40 ಉಳಿಯಿತು. ಎರಡೂ ಕೈಕೊಟ್ಟರೆ ಉಳಿಯುವುದಿಲ್ಲ, ಅದಕ್ಕೆ ಬೇರೆ ದಾರಿ ಬೇಕು.

6.10ಕ್ಕೆ ಹೊರಟರೂ ಪಟ್ಟಿಯ ಪ್ರಕಾರ 7.40 ಸಿಗುತ್ತದಲ್ಲ, ಇಪ್ಪತ್ತು ನಿಮಿಷ ಹೆಚ್ಚು ಮಲಗಬಾರದೇ ಎಂದು ಕೇಳಬಹುದು. ಸಿಗುತ್ತದೆ, ಎರಡನೇ ಬಸ್ಸು ಒಂದೂ ತಪ್ಪದಿದ್ದರೆ. 5.50ಕ್ಕೂ 6.10ಕ್ಕೂ ಇರುವ ವ್ಯತ್ಯಾಸ ಇಪ್ಪತ್ತು ನಿಮಿಷದ್ದಲ್ಲ, ಒಂದು ಟ್ರಿಪ್ ತಪ್ಪಿದರೆ ತಡೆದುಕೊಳ್ಳಬಲ್ಲೆವೇ ಇಲ್ಲವೇ ಎಂಬುದರದ್ದು.

ಹದಿನೈದು ನಿಮಿಷಕ್ಕೊಂದು ಎಂದರೆ ಹದಿನೈದು ನಿಮಿಷ ಅಲ್ಲ

ಎರಡನೇ ಬಸ್ಸಿನ ವಿಷಯದಲ್ಲಿ ಒಂದು ಟ್ರಿಪ್ ತಪ್ಪುವುದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಲು ಕಾರಣವಿದೆ. ಉದ್ದದ ಮುಖ್ಯರಸ್ತೆ ಮಾರ್ಗಗಳಲ್ಲಿ ಬಸ್ಸುಗಳು ಜೋಡಿಯಾಗಿ ಬರುವ ಅಭ್ಯಾಸವಿದೆ. ಒಂದು ಬಸ್ಸು ಸಿಗ್ನಲ್‌ನಲ್ಲಿ ಎರಡು ನಿಮಿಷ ತಡವಾಯಿತು ಎನ್ನಿ. ಮುಂದಿನ ನಿಲ್ದಾಣದಲ್ಲಿ ಅಷ್ಟು ಹೊತ್ತಿನ ಜನ ಹೆಚ್ಚು ಸೇರಿರುತ್ತಾರೆ. ಅವರು ಹತ್ತಿ ಇಳಿಯಲು ಇನ್ನಷ್ಟು ಹೊತ್ತು. ಹೀಗೆ ಅದು ಹೋಗುತ್ತ ಹೋಗುತ್ತ ಇನ್ನೂ ಹಿಂದೆ ಬೀಳುತ್ತದೆ. ಅದರ ಹಿಂದಿನ ಬಸ್ಸಿಗೆ ನಿಲ್ದಾಣಗಳಲ್ಲಿ ಜನವೇ ಇರುವುದಿಲ್ಲ, ಅದು ಬೇಗ ಬೇಗ ಬಂದು ಮುಂದಿನದರ ಬಾಲ ಹಿಡಿಯುತ್ತದೆ. ಕೊನೆಗೆ ಅರ್ಧ ಗಂಟೆಗೊಮ್ಮೆ ಎರಡು ಬಸ್ಸು ಒಟ್ಟಿಗೆ. ಪಟ್ಟಿಯಲ್ಲಿ 15 ನಿಮಿಷಕ್ಕೊಂದು ಎಂದೇ ಇರುತ್ತದೆ, ಲೆಕ್ಕವೂ ಸುಳ್ಳಲ್ಲ, ಆದರೆ ಕಾಯುವವರ ಸರಾಸರಿ ಏಳೂವರೆ ನಿಮಿಷದಿಂದ ಹದಿನೈದಕ್ಕೆ ಏರಿರುತ್ತದೆ, ಕೆಟ್ಟ ಅದೃಷ್ಟದವರದು ಮೂವತ್ತಕ್ಕೆ.

ಇದನ್ನು ಗುರುತಿಸುವುದು ಕಷ್ಟವಲ್ಲ. ವೇಳೆ ಮೀರಿ ಬಹಳ ಹೊತ್ತು ಏನೂ ಬಾರದೆ, ಆಮೇಲೆ ಬಾಗಿಲಲ್ಲಿ ಜನ ತೂಗುವ ಬಸ್ಸು ಬಂದರೆ ಅದರ ಹಿಂದೆ ಕಣ್ಣು ಹಾಯಿಸಿ. ಅದೇ ನಂಬರಿನ ಇನ್ನೊಂದು ಕಂಡರೆ ಅದನ್ನು ಹತ್ತಿ. ಹಿಂದಿನದು ಖಾಲಿ ಇರುತ್ತದೆ, ನಿಲ್ದಾಣಗಳಲ್ಲಿ ಕಡಿಮೆ ನಿಲ್ಲುತ್ತದೆ, ಬಹಳ ಸಲ ದಾರಿಯಲ್ಲೇ ಮುಂದಿನದನ್ನು ದಾಟಿಯೂ ಹೋಗುತ್ತದೆ. ಆದರೆ ಕಣ್ಣಿಗೆ ಕಾಣದ ಬಸ್ಸನ್ನು ನಂಬಿ ಮುಂದಿರುವುದನ್ನು ಬಿಡುವುದು ಬೇಡ.

ಅಪರೂಪದ ಬಸ್ಸಿನ ತೊಂದರೆ ಬೇರೆ. ಅದು ಜೋಡಿಯಾಗಿ ಬರುವುದಿಲ್ಲ, ಬಾರದೇ ಹೋಗುತ್ತದೆ. ಗಾಡಿ ಕೆಟ್ಟಿರಬಹುದು, ಸಿಬ್ಬಂದಿ ಕಡಿಮೆ ಬಿದ್ದಿರಬಹುದು. ಇದಕ್ಕೆ ನಿಲ್ದಾಣದಲ್ಲೇ ಮುನ್ಸೂಚನೆ ಸಿಗುತ್ತದೆ. ಹೊರವಲಯದ ಮಾರ್ಗಗಳಲ್ಲಿ ಸಾಮಾನ್ಯವಾಗಿ ಆ ಕಡೆಯಿಂದ ಬಂದ ಗಾಡಿಯೇ ತಿರುಗಿ ಹೊರಡುತ್ತದೆ. 7.40ಕ್ಕೆ ಹೊರಡಬೇಕಾದ ಗಾಡಿ 7.35ಕ್ಕೂ ಒಳಗೆ ಬಂದಿಲ್ಲವೆಂದರೆ 7.40ಕ್ಕೆ ಹೊರಡುವುದಿಲ್ಲ ಎಂದೇ ತಿಳಿಯಬೇಕು. ಚಾಲಕರೂ ಇಳಿದು ಎರಡು ನಿಮಿಷ ಕಾಲು ಚಾಚಬೇಕಲ್ಲ. ಕಂಟ್ರೋಲರ್ ಬಳಿ ಹೋಗಿ ‘ಬಸ್ಸು ಯಾವಾಗ ಬರುತ್ತೆ ಸಾರ್’ ಎಂದರೆ ‘ಬರುತ್ತಮ್ಮ’ ಎಂಬ ಉತ್ತರ ಗ್ಯಾರಂಟಿ. ‘7.40ರ ಗಾಡಿ ಆ ಕಡೆಯಿಂದ ಹೊರಟಿದೆಯಾ ಸಾರ್’ ಎಂದು ಕೇಳಿದರೆ ಹೌದು ಅಥವಾ ಇಲ್ಲ ಸಿಗುತ್ತದೆ.

ಫೋನಿನಲ್ಲಿ ಬಸ್ಸು ಎಲ್ಲಿದೆ ಎಂದು ತೋರಿಸುವ ಸೌಲಭ್ಯವಿರುವ ಊರುಗಳಲ್ಲಿ ಅದನ್ನೂ ನೋಡಬಹುದು. ಆದರೆ ಎಷ್ಟು ನಿಮಿಷದ ಹಿಂದಿನ ಗುರುತು ಎಂಬುದನ್ನು ಮೊದಲು ನೋಡಿ. ಹತ್ತು ನಿಮಿಷದ ಹಿಂದಿನ ಚುಕ್ಕೆ ಈಗಿನ ಬಸ್ಸಲ್ಲ. ಚುಕ್ಕೆಯೇ ಇಲ್ಲದೆ ಸಮಯ ಮಾತ್ರ ಬರೆದಿದ್ದರೆ ಅದು ವೇಳಾಪಟ್ಟಿಯ ನಕಲು.

ಬದಲಿಸುವ ಜಾಗ

ನಕ್ಷೆಯಲ್ಲಿ ಬದಲಾವಣೆ ಎಂದರೆ ಒಂದು ಚುಕ್ಕೆ. ನೆಲದ ಮೇಲೆ ಅದು ಒಂದೇ ಹೆಸರಿನ ಹಲವು ತಂಗುದಾಣ. ವೃತ್ತದ ನಾಲ್ಕು ತೋಳಿನಲ್ಲೂ ನಿಲ್ದಾಣಗಳಿರುತ್ತವೆ, ಪ್ರತಿ ರಸ್ತೆಗೂ ಎರಡು ಬದಿ. ಈ ಪ್ರಕರಣದಲ್ಲಿ ಮೊದಲ ಬಸ್ಸು ವೃತ್ತದ ಈಚೆ ಇಳಿಸುತ್ತದೆ, ಎರಡನೆಯದು ಸಿಗುವುದು ವೃತ್ತ ದಾಟಿ ಬಲಕ್ಕೆ ತಿರುಗಿದ ರಸ್ತೆಯ ಎಡಬದಿಯಲ್ಲಿ. ಇಳಿದ ಕಡೆಯೇ ನಿಂತು ಕಾದರೆ ಅದೇ ನಂಬರಿನ ಬಸ್ಸು ಬರುತ್ತದೆ, ಎದುರು ದಿಕ್ಕಿಗೆ ಹೋಗುವುದು. ನಂಬರು ಸರಿಯಿದೆ ಎಂದು ಹತ್ತಿ, ಮೂರು ನಿಲ್ದಾಣ ದಾಟಿದ ಮೇಲೆ ಗೊತ್ತಾಗುವ ತಪ್ಪು ಇದು. ಆಗ ಹೋಗುವುದು ಮೂರು ನಿಲ್ದಾಣದಷ್ಟು ಹೊತ್ತಲ್ಲ. ಇಳಿದು, ದಾಟಿ, ಮತ್ತೆ ಕಾಯಬೇಕು. ಇಪ್ಪತ್ತೈದು ನಿಮಿಷ ಹೋಯಿತೆಂದೇ ಲೆಕ್ಕ.

ಇನ್ನೊಂದು ಬಲೆ ನಂಬರಿನ ಪಕ್ಕದ ಅಕ್ಷರ. ಒಂದೇ ನಂಬರಿಗೆ ಎ, ಬಿ ಸೇರಿಸಿದ ಬಸ್ಸುಗಳು ಬಹುಪಾಲು ದಾರಿ ಒಟ್ಟಿಗೇ ಹೋಗಿ ಕೊನೆಗೆ ಕವಲೊಡೆಯುತ್ತವೆ, ಇಲ್ಲವೇ ಅರ್ಧದಾರಿಯಲ್ಲೇ ತಿರುಗಿಬಿಡುತ್ತವೆ. ಹೊರವಲಯದ ಮೂರನೇ ಬಸ್ಸಿನಲ್ಲಿ ಇದು ಹೆಚ್ಚು. ಆದ್ದರಿಂದ ಕಂಡಕ್ಟರನ್ನು ‘ಆ ಕಡೆ ಹೋಗುತ್ತಾ’ ಎಂದು ಕೇಳಿದರೆ ಸಾಲದು. ಆ ಕಡೆ ಹೋಗುತ್ತದೆ ನಿಜ, ಎಲ್ಲಿಯವರೆಗೆ ಎಂಬುದೇ ಪ್ರಶ್ನೆ. ಇಳಿಯುವ ನಿಲ್ದಾಣದ ಹೆಸರು ಹೇಳಿ ‘ಅಲ್ಲಿವರೆಗೂ ಹೋಗುತ್ತಾ, ಮಧ್ಯದಲ್ಲೇ ತಿರುಗುತ್ತಾ’ ಎಂದು ಕೇಳಬೇಕು. ಟಿಕೆಟನ್ನೂ ಅದೇ ನಿಲ್ದಾಣದ ಹೆಸರು ಹೇಳಿ ತೆಗೆದುಕೊಳ್ಳಿ. ಬಸ್ಸು ಅಲ್ಲಿಗೆ ಹೋಗದಿದ್ದರೆ ಕಂಡಕ್ಟರೇ ಆಗ ತಡೆಯುತ್ತಾರೆ. ದಿನದ ಪಾಸು ಇದ್ದವರಿಗೆ ಈ ತಡೆ ಸಿಗುವುದಿಲ್ಲ, ಅವರು ಬಾಯಿಬಿಟ್ಟು ಕೇಳಲೇಬೇಕು.

ಇದೆಲ್ಲ ತಿಳಿಯುವುದು ಒಮ್ಮೆ ಹೋಗಿ ಬಂದಾಗಲೇ. ಪೂರ್ವಭಾವಿ ಓಡಾಟವನ್ನು ಹಿಂದಿನ ಭಾನುವಾರ, ಅದೇ 5.50ರ ಬಸ್ಸಿನಿಂದ ಮಾಡಬೇಕು. ಶುಕ್ರವಾರ ಮಧ್ಯಾಹ್ನ ಹೋಗಿ ನೋಡಿ ಬಂದರೆ ದಾರಿ ತಿಳಿಯುತ್ತದೆ, ಸಮಯ ತಿಳಿಯುವುದಿಲ್ಲ. ಹಾಗೆ ಹೋದಾಗ ಬರೆದುಕೊಳ್ಳಬೇಕಾದದ್ದು ಸ್ವಲ್ಪವೇ: ಪ್ರತಿ ಬಸ್ಸು ನಿಜವಾಗಿ ಹೊರಟ ಸಮಯ, ಇಳಿದ ಸಮಯ, ಹತ್ತುವ ತಂಗುದಾಣದ ಎದುರು ಏನಿದೆ, ಯಾವ ಗೇಟು. ಬೆಳಗಿನ ಜಾವ ಬೆಳಕು ಕಡಿಮೆ ಇರುವಾಗ ಬೋರ್ಡು ಓದಲಾಗುವುದಿಲ್ಲ, ಎದುರಿನ ಕಟ್ಟಡದ ಗುರುತು ನೆರವಿಗೆ ಬರುತ್ತದೆ.

ಗಡಿಯಾರ ನೋಡಿ ಕೈಬಿಡುವುದು

7.40ರ ಬಸ್ಸು ಬಾರದಿದ್ದರೆ? ದೊಡ್ಡ ನಿಲ್ದಾಣದಿಂದ ಕೇಂದ್ರ 9 ಕಿ.ಮೀ. ಆಟೊ ಅಥವಾ ಬಾಡಿಗೆ ಕಾರಿನಲ್ಲಿ 25 ನಿಮಿಷ, ಗಾಡಿ ಸಿಗಲು 10 ನಿಮಿಷ ಇಟ್ಟುಕೊಳ್ಳೋಣ. 7.55ಕ್ಕೆ ಬಸ್ಸಿನ ಆಸೆ ಬಿಟ್ಟರೆ 8.30ಕ್ಕೆ ಗೇಟು. ಅರ್ಧ ಗಂಟೆ ಉಳಿಯುತ್ತದೆ. 8.15ರವರೆಗೆ ಕಾದು ಬಿಟ್ಟರೆ 8.50, ಅಷ್ಟು ಹೊತ್ತಿಗೆ ಕೇಂದ್ರದ ರಸ್ತೆ ಗಾಡಿಗಳಿಂದ ತುಂಬಿರುತ್ತದೆ. ಹಾಗಾಗಿ 7.55 ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು. ನಿಲ್ದಾಣದಲ್ಲಿ ನಿಂತು ತೀರ್ಮಾನಿಸಲು ಹೊರಟರೆ, ಇಷ್ಟು ಹೊತ್ತು ಕಾದಿದ್ದೇವೆ ಇನ್ನೇನು ಬಂದೇ ಬಿಡುತ್ತದೆ ಎಂದು ಮನಸ್ಸು ಐದೈದು ನಿಮಿಷ ಸಾಲ ತೆಗೆದುಕೊಳ್ಳುತ್ತ ಹೋಗುತ್ತದೆ.

ಬೇರೆ ಗಾಡಿಗೆ ದುಡ್ಡು ಹಾಕುವುದಾದರೆ ಎಲ್ಲಿ ಹಾಕಬೇಕು ಎಂಬುದರಲ್ಲೂ ವಿವೇಚನೆ ಬೇಕು. ಹೆಚ್ಚಿನವರು ಕೊನೆಯಲ್ಲಿ, ಗಾಬರಿಯಲ್ಲಿ ಹಾಕುತ್ತಾರೆ. ಇದಕ್ಕಿಂತ ಮೊದಲ ತುಂಡಿನಲ್ಲಿ ಹಾಕುವುದು ಲಾಭ. ಮನೆಯಿಂದ ವೃತ್ತಕ್ಕೆ ದೂರ ಕಡಿಮೆ, ಮನೆಯವರು ಯಾರಾದರೂ ದ್ವಿಚಕ್ರ ವಾಹನದಲ್ಲಿ ಬಿಟ್ಟುಬಂದರೆ ಖರ್ಚೂ ಇಲ್ಲ. ಹಾಗೆ ಮಾಡಿದರೆ ಒಂದು ಬದಲಾವಣೆಯೇ ದಾರಿಯಿಂದ ಅಳಿಸಿಹೋಗುತ್ತದೆ. ಆಕೆಯ ಯೋಜನೆಯಲ್ಲಿ ಇದು ಎರಡನೇ ಆಸರೆಯಾಗಿ ಬಂತು. 5.50ರ ಬಸ್ಸು 6.00 ಆದರೂ ಕಾಣದಿದ್ದರೆ ಮನೆಗೆ ಫೋನು, ಅಣ್ಣ ಬಂದು ವೃತ್ತಕ್ಕೆ ಬಿಡುವುದು.

ಕೊನೆಗೆ ಹಾಲ್ ಟಿಕೆಟ್ ಜೊತೆ ಇಟ್ಟುಕೊಂಡ ಚೀಟಿಯಲ್ಲಿ ಇದ್ದದ್ದು ಇಷ್ಟು:

5.50 ಮನೆ ನಿಲ್ದಾಣ. 6.00ಕ್ಕೆ ಬಾರದಿದ್ದರೆ ಅಣ್ಣನಿಗೆ ಫೋನ್.
6.30 ವೃತ್ತ, ಬಲರಸ್ತೆ ಎಡಬದಿ. ಕೊನೆಯದು 6.45.
7.40 ದೊಡ್ಡ ನಿಲ್ದಾಣ, ಹೊರವಲಯದ ಪ್ಲಾಟ್‌ಫಾರ್ಮ್. ‘ಕೊನೆವರೆಗೂ ಹೋಗುತ್ತಾ’ ಕೇಳುವುದು.
7.55 ಬಸ್ಸಿಲ್ಲದಿದ್ದರೆ ಆಟೊ. ಮುಂದಿನ ಗೇಟು.

ಆ ದಿನ ನಡೆದದ್ದು

5.50ರ ಬಸ್ಸು 5.53ಕ್ಕೆ ಬಂತು, 6.17ಕ್ಕೆ ವೃತ್ತ. ತಂಗುದಾಣದಲ್ಲಿ ನಿಂತಾಗ 6.21. 6.30 ಆಯಿತು, 6.35 ಆಯಿತು, ಬಸ್ಸಿಲ್ಲ. 6.41ಕ್ಕೆ ಒಂದು ಬಂತು, ಮೆಟ್ಟಿಲವರೆಗೂ ಜನ. ಇವರಲ್ಲೂ ಅರ್ಧದಷ್ಟು ಮಂದಿ ಪ್ಲಾಸ್ಟಿಕ್ ಕವರಿನಲ್ಲಿ ಹಾಲ್ ಟಿಕೆಟ್ ಹಿಡಿದವರೇ. ಅದರ ಹಿಂದೆಯೇ ಇನ್ನೊಂದು ಸಿಗ್ನಲ್ ದಾಟುತ್ತಿರುವುದು ಕಂಡಿತು. ಆಕೆ ಮೊದಲನೆಯದನ್ನು ಬಿಟ್ಟು 6.42ಕ್ಕೆ ಎರಡನೆಯದನ್ನು ಹತ್ತಿ ಕೂತಳು. ತಡವಾದ 6.30 ಮತ್ತು ಬೇಗ ಬಂದ 6.45 ಒಟ್ಟುಗೂಡಿದ್ದವು. 7.25ಕ್ಕೆ ದೊಡ್ಡ ನಿಲ್ದಾಣದಲ್ಲಿ ಇಳಿದು, ಜನರ ನಡುವೆ ದಾರಿ ಮಾಡಿಕೊಂಡು 7.29ಕ್ಕೆ ಪ್ಲಾಟ್‌ಫಾರ್ಮ್.

ಅಲ್ಲಿ ಅಷ್ಟರಲ್ಲೇ ಐವತ್ತಕ್ಕೂ ಹೆಚ್ಚು ಜನ. ಪರೀಕ್ಷೆಯ ದಿನದ ವಿಶೇಷ ಇದೇ. 40 ನಿಮಿಷಕ್ಕೊಂದು ಬಸ್ಸು ಸಾಮಾನ್ಯ ಭಾನುವಾರದ ಜನಕ್ಕೆ ಸಾಕಾಗುತ್ತದೆ, ಒಂದೇ ಕೇಂದ್ರಕ್ಕೆ ನೂರಾರು ಮಂದಿ ಹೊರಟ ದಿನ ಸಾಕಾಗುವುದಿಲ್ಲ. ಅದಕ್ಕಾಗಿಯೇ ಮೂರನೇ ಬಸ್ಸನ್ನು ಹೊರಡುವ ಜಾಗದಲ್ಲೇ ಹತ್ತಬೇಕು. ನಡುವಿನ ನಿಲ್ದಾಣದಲ್ಲಿ ಹಿಡಿದರೆ ನಡಿಗೆ ಉಳಿಯುತ್ತದೆ ಎಂದು ನಕ್ಷೆ ಸೂಚಿಸಿದರೂ, ತುಂಬಿದ ಬಸ್ಸು ಅಲ್ಲಿ ನಿಲ್ಲದೇ ಹೋಗಬಹುದು. ಗಾಡಿ 7.34ಕ್ಕೆ ಒಳಗೆ ಬಂತು, 7.42ಕ್ಕೆ ಹೊರಟಿತು. ಹತ್ತಲಾಗದೆ ಉಳಿದವರು ಒಂದಷ್ಟು ಜನ ಕೆಳಗೇ ನಿಂತಿದ್ದರು.

ಇಳಿಯುವ ನಿಲ್ದಾಣಕ್ಕೆ ಅರ್ಧ ಕಿ.ಮೀ. ಮುಂಚೆ, ಮಕ್ಕಳನ್ನು ಬಿಡಲು ಬಂದ ಕಾರುಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡಿತು. ಹಿಂದಿನ ಭಾನುವಾರ ನೋಡಿದ್ದ ನೀರಿನ ಟ್ಯಾಂಕು ಕಂಡದ್ದರಿಂದ ಗೇಟು ಯಾವ ಕಡೆ ಎಂಬುದು ಆಕೆಗೆ ಗೊತ್ತಿತ್ತು. ಕಂಡಕ್ಟರಿಗೆ ಹೇಳಿ 8.05ಕ್ಕೆ ಅಲ್ಲೇ ಇಳಿದು ನಡೆದಳು. ದೂರ ಸ್ವಲ್ಪ ಹೆಚ್ಚಾಯಿತು, 8.25ಕ್ಕೆ ಮುಂದಿನ ಗೇಟು. ದಾರಿ ಗೊತ್ತಿಲ್ಲದವರು ಹೀಗೆ ಮುಂಚೆ ಇಳಿಯಬಾರದು. ನಿಂತ ಬಸ್ಸಿಗಿಂತ ತಪ್ಪು ತಿರುವು ಹೆಚ್ಚು ಹೊತ್ತು ತಿನ್ನುತ್ತದೆ.

ಈ ಲೆಕ್ಕ ಎಲ್ಲಿ ಸೋಲುತ್ತದೆ

ಇದೇ ದಾರಿಯಲ್ಲಿ ಗೇಟು 9.00ರ ಬದಲು 8.00ಕ್ಕೇ ಮುಚ್ಚುವುದಾದರೆ ಏನಾಗುತ್ತಿತ್ತು ನೋಡಿ. 7.40ರ ಬಸ್ಸು ಕೆಲಸಕ್ಕೆ ಬಾರದು, 7.00ರದ್ದೇ ಬೇಕು. ಅದಕ್ಕೆ ವೃತ್ತದಲ್ಲಿ 6.00ರ ಬಸ್ಸು ಹತ್ತಬೇಕು. ಅದು 6.40ಕ್ಕೆ, ಕೆಟ್ಟರೆ 6.50ಕ್ಕೆ ನಿಲ್ದಾಣ ಮುಟ್ಟಿಸುತ್ತದೆ, 7.00 ಸಿಗುತ್ತದೆ. ಆದರೆ 5.50ಕ್ಕೆ ಹೊರಡುವ ಮೊದಲ ಬಸ್ಸು ವೃತ್ತ ಮುಟ್ಟುವುದೇ 6.15ಕ್ಕೆ. ಅಣ್ಣ ಗಾಡಿಯಲ್ಲಿ 5.45ಕ್ಕೆ ಬಿಟ್ಟರೂ 6.00ರದ್ದು ಆ ದಿನದ ಮೊದಲ ಟ್ರಿಪ್. ಅದು ತಪ್ಪಿ 6.15ರದ್ದು ಹತ್ತಿದರೆ ಪ್ಲಾಟ್‌ಫಾರ್ಮ್ 6.58ಕ್ಕೆ, ಬಸ್ಸು ಹತ್ತು ನಿಮಿಷ ಎಳೆದರೆ 7.00ರದ್ದು ಹೋಯಿತು. ಹಿಂದೆ ಸರಿಯಲು ಒಂದೂ ಟ್ರಿಪ್ ಉಳಿಯದ ಇಂಥ ಕಡೆ ಬಸ್ಸಿನ ಯೋಜನೆಯನ್ನು ತಿದ್ದುತ್ತ ಕೂರುವುದು ವ್ಯರ್ಥ. ವೃತ್ತದ ಬದಲು ದೊಡ್ಡ ನಿಲ್ದಾಣದವರೆಗೇ ಬೇರೆ ಗಾಡಿಯಲ್ಲಿ ಹೋಗಿ ಮೂರನೇ ಬಸ್ಸನ್ನು ಮಾತ್ರ ಹಿಡಿಯುವುದು ಒಂದು ದಾರಿ. ಹಿಂದಿನ ರಾತ್ರಿಯೇ ದೊಡ್ಡ ನಿಲ್ದಾಣದ ಆಚೆ, ಅದೇ ಮೂರನೇ ಬಸ್ಸಿನ ಮಾರ್ಗದಲ್ಲಿ ಯಾರಾದರೂ ನೆಂಟರಿದ್ದರೆ ಅಲ್ಲಿ ತಂಗುವುದು ಇನ್ನೊಂದು. ಹಾಗೆ ತಂಗಿದವರೂ ಬೆಳಿಗ್ಗೆ ನಡುವಿನ ನಿಲ್ದಾಣದಲ್ಲಿ ಕಾಯದೆ ಹೊರಡುವ ಜಾಗಕ್ಕೇ ಬಂದು ಹತ್ತಬೇಕು, ಇಲ್ಲವೇ ನಡೆದು ಹೋಗುವಷ್ಟು ಹತ್ತಿರ ಇರಬೇಕು.